ಹಿಸ್ಟರೊಸ್ಕೋಪಿ: ಎಚ್ಚರದಲ್ಲೇ ಮಾಡಿಸುವುದೋ, ಅರಿವಳಿಕೆ ಪಡೆದು ಮಾಡಿಸುವುದೋ? ಶಿರಸಿಯಿಂದ ಒಂದು ಪತ್ರ

(ಗರ್ಭಕೋಶದೊಳಗೆ ಪಾಲಿಪ್ ಇದೆ ಎಂದು ಗೊತ್ತಾದ ಮಹಿಳೆಯೊಬ್ಬರಿಗೆ ಬರೆದ ಪತ್ರವಿದು. ಇದೇ ಗೊಂದಲದಲ್ಲಿರುವವರು ಬಹಳ ಜನ ಇರುವುದರಿಂದ, ಅವರ ಒಪ್ಪಿಗೆ ಪಡೆದು, ಗುರುತು ಬಿಟ್ಟು ಇಲ್ಲಿ ಕೊಡುತ್ತಿದ್ದೇನೆ.)

ನಮಸ್ಕಾರ ಅಕ್ಕಾ,

ಸೋಮವಾರ ನೀವು ಸ್ಕ್ಯಾನಿಂಗ್ ವರದಿ ಹಿಡಿದು ಬಂದಾಗ ನಿಮ್ಮ ಜೊತೆ ಮನೆಯವರ ಸಲಹೆಗಳೂ ಬಂದಿದ್ದವು. ಗರ್ಭಕೋಶವನ್ನೇ ತೆಗೆಸಿಬಿಡುವುದು ಒಳ್ಳೆಯದು ಎಂದರು ನಿಮ್ಮ ನಾದಿನಿ. ‘ಕ್ಲೀನ್’ ಮಾಡಿಸಿದರೆ ಸಾಕು ಎಂದು ಪಕ್ಕದ ಮನೆಯವರು ಹೇಳಿದ್ದರಂತೆ. ಹುಬ್ಬಳ್ಳಿಗೋ ಮಣಿಪಾಲಕ್ಕೋ ಹೋಗೋಣ ಎಂಬುದು ನಿಮ್ಮ ಯಜಮಾನರ ಮಾತು. ನಾನು ಹಿಸ್ಟರೊಸ್ಕೋಪಿ, ಅಂದರೆ ನಳಿಕೆಯಿಂದ ಗರ್ಭಕೋಶದ ಒಳಗನ್ನು ನೋಡಿಕೊಂಡೇ ಪಾಲಿಪ್ ತೆಗೆಯುವುದು, ಮಾಡೋಣ ಎಂದೆ. ಹೊರಡುವಾಗ ಬಾಗಿಲ ಬಳಿ ನಿಂತು ನೀವು ಕೇಳಿದಿರಿ: ‘ಎಚ್ಚರ ಇರುವಾಗಲೇ ಮಾಡಿದರೆ ತಡೆದುಕೊಳ್ಳಲು ಆಗುತ್ತದೆಯೇ, ಇಲ್ಲ ಪೂರ್ತಿ ಪ್ರಜ್ಞೆ ತಪ್ಪಿಸುವುದೇ ಒಳ್ಳೆಯದೇ?’ ಒಂದು ಮಾತಿನಲ್ಲಿ ಉತ್ತರಿಸುವ ಪ್ರಶ್ನೆಯಲ್ಲ ಅದು. ಬಿಡುವಾಗಿ ಓದಿ, ಮನೆಯವರಿಗೂ ಓದಿ ಹೇಳಿ.

ಮೊದಲು ನಿಮ್ಮ ವಿಷಯ ಏನಿದೆ ನೋಡೋಣ. ನಿಮಗೆ 46 ವರ್ಷ. ಎರಡೂ ಹೆರಿಗೆ ಸಿಸೇರಿಯನ್. ಮುಟ್ಟು ಎಂಟು ಒಂಬತ್ತು ದಿನ ಹೋಗುತ್ತದೆ, ಗಟ್ಟಿ ಗಟ್ಟಿಯಾಗಿ ಬೀಳುತ್ತದೆ, ನಡುವೆಯೂ ಆಗಾಗ ಕಲೆ ಕಾಣುತ್ತದೆ. ಹಿಮೋಗ್ಲೋಬಿನ್ 9.2. ರಕ್ತದೊತ್ತಡಕ್ಕೆ ದಿನಕ್ಕೊಂದು ಮಾತ್ರೆ, ಸಕ್ಕರೆ ಕಾಯಿಲೆ ಇಲ್ಲ. ಸ್ಕ್ಯಾನಿಂಗ್‌ನಲ್ಲಿ ಗರ್ಭಕೋಶದ ಹಿಂಭಾಗದ ಗೋಡೆಯಿಂದ 14 ಮಿಲಿಮೀಟರ್ ಉದ್ದದ ಪಾಲಿಪ್ ಒಂದು ಒಳಗೆ ಇಳಿಬಿದ್ದಿರುವುದು ಕಾಣಿಸಿದೆ. ಪಾಲಿಪ್ ಎಂದರೆ ಒಳಪೊರೆಯೇ ಒಂದು ಕಡೆ ಅತಿಯಾಗಿ ಬೆಳೆದು ತೊಟ್ಟಿನಲ್ಲಿ ನೇತಾಡುವ ಮೃದುವಾದ ಮಾಂಸ. ನಿಮ್ಮ ವಯಸ್ಸಿನಲ್ಲಿ ಇಂಥವು ಬಹುಪಾಲು ನಿರುಪದ್ರವಿ. ಆದರೂ ತೆಗೆದು ಪರೀಕ್ಷೆಗೆ ಕಳಿಸದೆ ‘ಏನೂ ಇಲ್ಲ’ ಎಂದು ನಾನು ಹೇಳುವುದಿಲ್ಲ.

ಯಾವುದನ್ನು ಅಳೆದು ನೋಡಬೇಕು

ಯಾರ ಸಲಹೆ ಸರಿ ಎಂದು ಕೇಳುವ ಮೊದಲು ಅಳತೆಗೋಲು ಯಾವುದು ಎಂಬುದನ್ನು ನಿಶ್ಚಯಿಸಿಕೊಳ್ಳಿ. ನನ್ನ ಪ್ರಕಾರ ಮೊದಲ ಪ್ರಶ್ನೆ, ಈ ಕೆಲಸದಿಂದ ಪಾಲಿಪ್ ಬುಡಸಮೇತ ಹೊರಬರುತ್ತದೆಯೇ, ಬಂದದ್ದು ಪರೀಕ್ಷೆಗೆ ಸಿಗುತ್ತದೆಯೇ ಎಂಬುದು. ಅದು ಆಗದಿದ್ದರೆ ಉಳಿದದ್ದು ಎಷ್ಟು ಸುಲಭವಾದರೂ ಪ್ರಯೋಜನವಿಲ್ಲ. ಎರಡನೆಯದು ನೋವು: ಎಷ್ಟು ಆಗಬಹುದು, ಆದಾಗ ನಿಲ್ಲಿಸುವ ದಾರಿ ಇದೆಯೇ. ಮೂರನೆಯದು ನಿಮ್ಮ ದೇಹದ ಸ್ಥಿತಿ. ರಕ್ತಹೀನತೆ, ರಕ್ತದೊತ್ತಡ, ಗರ್ಭಕೋಶದ ಬಾಯಿ ಎಷ್ಟು ಬಿಗಿಯಾಗಿದೆ ಎಂಬುದೆಲ್ಲ ಇದರಲ್ಲಿ ಸೇರುತ್ತದೆ. ಆಮೇಲೆ ಖರ್ಚು, ಜೊತೆಗೆ ಬರುವವರು, ಊರಿಗೆ ಮರಳುವ ದಾರಿ. ಕೊನೆಯದನ್ನು ದೊಡ್ಡ ಊರಿನ ವೈದ್ಯರು ಲೆಕ್ಕಕ್ಕೆ ಹಿಡಿಯದಿರಬಹುದು. ಘಟ್ಟ ಹತ್ತಿ ಇಳಿಯುವ ನಮಗೆ ಅದು ಸಣ್ಣ ವಿಷಯವಲ್ಲ.

ಈ ಅಳತೆಯಲ್ಲಿ ಎರಡು ಸಲಹೆಗಳನ್ನು ಬೇಗ ಬದಿಗಿಡಬಹುದು. ಗರ್ಭಕೋಶ ತೆಗೆಸಿದರೆ ಪಾಲಿಪ್ ಹೋಗುತ್ತದೆ, ನಿಜ. ಆದರೆ ಅದು ದೊಡ್ಡ ಶಸ್ತ್ರಚಿಕಿತ್ಸೆ. ಕೆಲವು ದಿನ ಆಸ್ಪತ್ರೆಯಲ್ಲಿರಬೇಕು, ಭಾರ ಎತ್ತುವ ಕೆಲಸಕ್ಕೆ ಮರಳಲು ಸುಮಾರು ಆರು ವಾರ ಬೇಕು. ಎರಡು ಸಿಸೇರಿಯನ್ ಆದವರಲ್ಲಿ ಮೂತ್ರಕೋಶ ಹಳೆಯ ಗಾಯದ ಜಾಗಕ್ಕೆ ಅಂಟಿಕೊಂಡಿರುವ ಸಾಧ್ಯತೆ ಇರುವುದರಿಂದ ಅಪಾಯ ಇನ್ನಷ್ಟು ಹೆಚ್ಚು. ಬಯಾಪ್ಸಿಯಲ್ಲಿ ಕೆಟ್ಟ ಬದಲಾವಣೆ ಕಂಡರೆ ಆ ಮಾತು ಬೇರೆ. ವರದಿ ಬರುವ ಮೊದಲೇ ಆ ನಿರ್ಧಾರಕ್ಕೆ ಹೋಗುವುದು ನನಗೆ ಖಂಡಿತ ಒಪ್ಪಿಗೆಯಿಲ್ಲ.

‘ಕ್ಲೀನ್’ ಎಂದು ನಮ್ಮ ಕಡೆ ಹೇಳುವುದು ಡಿ ಆ್ಯಂಡ್ ಸಿ. ಅದರಲ್ಲಿ ಒಳಗೆ ಏನಿದೆ ಎಂದು ನೋಡುವುದಿಲ್ಲ, ಕೈ ಅಂದಾಜಿನಲ್ಲಿ ಕೆರೆದು ತೆಗೆಯುತ್ತಾರೆ. ಮೃದುವಾದ ಪಾಲಿಪ್ ಉಪಕರಣದ ತುದಿಗೆ ಸಿಗದೆ ಪಕ್ಕಕ್ಕೆ ಸರಿದುಬಿಡುತ್ತದೆ. ಸುತ್ತಲಿನ ಒಳಪೊರೆ ಬರುತ್ತದೆ, ಪಾಲಿಪ್ ಅಲ್ಲೇ ಉಳಿಯುತ್ತದೆ. ಎರಡು ಸಲ ಕ್ಲೀನ್ ಮಾಡಿಸಿಯೂ ರಕ್ತಸ್ರಾವ ನಿಂತಿಲ್ಲ ಎಂದು ಬರುವವರನ್ನು ನಾನು ನೋಡುತ್ತಲೇ ಇರುತ್ತೇನೆ. ವಿಪರೀತ ರಕ್ತ ಹೋಗುತ್ತಿದ್ದು, ಹಿಸ್ಟರೊಸ್ಕೋಪಿ ಹತ್ತಿರದಲ್ಲಿ ಎಲ್ಲೂ ಇಲ್ಲದಾಗ ಪ್ರಾಣ ಉಳಿಸಲು ಡಿ ಆ್ಯಂಡ್ ಸಿ ಬೇಕಾಗುತ್ತದೆ. ನಿಮ್ಮ ಸ್ಥಿತಿ ಅಂಥದ್ದಲ್ಲ.

ಹಾಗಾಗಿ ಉಳಿಯುವುದು ಹಿಸ್ಟರೊಸ್ಕೋಪಿ. ತೆಳುವಾದ, ತುದಿಯಲ್ಲಿ ಬೆಳಕಿರುವ ನಳಿಕೆಯನ್ನು ಯೋನಿಯ ಮೂಲಕ ಗರ್ಭಕೋಶದೊಳಗೆ ಕಳಿಸಿ, ಸಲೈನ್ ಹರಿಸಿ ಒಳಗಿನ ಜಾಗ ಅಗಲಿಸಿ, ಪರದೆಯ ಮೇಲೆ ನೋಡಿಕೊಂಡು ಪಾಲಿಪನ್ನು ಬುಡದಲ್ಲಿ ಕತ್ತರಿಸುವುದು. ಹೊಟ್ಟೆಯ ಮೇಲೆ ಗಾಯವಿಲ್ಲ, ಹೊಲಿಗೆಯಿಲ್ಲ. ಇದನ್ನು ಮಾಡುವ ಎರಡು ರೀತಿಗಳ ನಡುವೆ ನೀವು ಆರಿಸಬೇಕು.

ಎಚ್ಚರದಲ್ಲೇ ಮಾಡುವುದು

ಇದಕ್ಕೆ ಬಳಸುವ ಸಣ್ಣ ಸ್ಕೋಪ್‌ನ ದಪ್ಪ ಮೂರರಿಂದ ಐದು ಮಿಲಿಮೀಟರ್. ನೀವು ಪರೀಕ್ಷೆಯ ಮೇಜಿನ ಮೇಲೆ ಕಾಲು ಮಡಿಚಿ ಮಲಗುತ್ತೀರಿ. ಪ್ಯಾಪ್ ಪರೀಕ್ಷೆಯಲ್ಲಿ ಯೋನಿ ತೆರೆಯಲು ಹಾಕುವ ಲೋಹದ ಸ್ಪೆಕ್ಯುಲಮ್ ಹಾಕುವುದಿಲ್ಲ, ಗರ್ಭಕೋಶದ ಬಾಯಿಯನ್ನು ಇಕ್ಕುಳದಲ್ಲಿ ಹಿಡಿಯುವುದೂ ಇಲ್ಲ. ಸಲೈನ್ ಹರಿದು ಯೋನಿ ತಾನಾಗಿ ತೆರೆದುಕೊಳ್ಳುತ್ತದೆ, ಸ್ಕೋಪ್ ಆ ನೀರಿನ ದಾರಿಯಲ್ಲೇ ಮುಂದೆ ಹೋಗುತ್ತದೆ. ನೋವಿನ ಒಂದು ಪಾಲು ಆ ಎರಡು ಉಪಕರಣಗಳಿಂದ ಬರುತ್ತಿತ್ತು. ಅವನ್ನು ಬಿಟ್ಟಿದ್ದರಿಂದ ಈ ವಿಧಾನ ಬಹಳ ಹಗುರವಾಗಿದೆ.

ಸ್ಕೋಪ್ ಗರ್ಭಕೋಶದ ಬಾಯಿ ದಾಟುವ ಗಳಿಗೆಯಲ್ಲಿ ಮತ್ತು ಸಲೈನ್ ಒಳಗೆ ತುಂಬುವಾಗ ಮುಟ್ಟಿನ ನೋವಿನಂಥ ಹಿಡಿತ ಬರುತ್ತದೆ. ಪಾಲಿಪ್ ಕತ್ತರಿಸುವಾಗ ಅಷ್ಟು ನೋವಾಗುವುದಿಲ್ಲ, ಅದಕ್ಕೆ ನರಗಳಿಲ್ಲ. ಸ್ಕೋಪ್‌ನ ಪಕ್ಕದ ಸಣ್ಣ ಕೊಳವೆಯಿಂದ ಪುಟ್ಟ ಕತ್ತರಿ ಕಳಿಸಿ ತೊಟ್ಟನ್ನು ಸ್ವಲ್ಪ ಸ್ವಲ್ಪವೇ ಕತ್ತರಿಸುತ್ತೇನೆ. ಕೊನೆಯ ಎಳೆಯನ್ನು ಬೇಕೆಂದೇ ಉಳಿಸಿಕೊಳ್ಳುತ್ತೇನೆ. ಪೂರ್ತಿ ಕತ್ತರಿಸಿಬಿಟ್ಟರೆ ಅದು ಸಲೈನಿನಲ್ಲಿ ತೇಲಾಡಿ ಹಿಡಿತಕ್ಕೆ ಸಿಗುವುದಿಲ್ಲ. ಆ ಎಳೆಯ ಬಳಿ ಚಿಮಟದಲ್ಲಿ ಹಿಡಿದು, ಸ್ಕೋಪ್ ಸಮೇತ ಹೊರಗೆ ಎಳೆಯುತ್ತೇನೆ. 14 ಮಿಲಿಮೀಟರ್ ಪಾಲಿಪ್ ಐದು ಮಿಲಿಮೀಟರ್ ದಾರಿಯಲ್ಲಿ ಹೇಗೆ ಬರುತ್ತದೆ ಎಂದು ನೀವು ಕೇಳಬಹುದು. ಮೃದುವಾದದ್ದು, ಮಡಚಿಕೊಂಡು ಬರುತ್ತದೆ. ಕೆಲವೊಮ್ಮೆ ಬಾಯಿಯಲ್ಲಿ ಸಿಕ್ಕಿಕೊಳ್ಳುವುದೂ ಉಂಟು; ಎಚ್ಚರದಲ್ಲಿರುವವರಿಗೆ ಆಗ ಚೆನ್ನಾಗಿ ನೋವಾಗುತ್ತದೆ. ಎರಡು ಸೆಂಟಿಮೀಟರಿಗಿಂತ ದೊಡ್ಡದಾಗಿದ್ದರೆ, ಅಥವಾ ಅದು ಗಟ್ಟಿಯಾದ ಫೈಬ್ರಾಯ್ಡ್ ಗಡ್ಡೆಯಾಗಿದ್ದರೆ, ಈ ರೀತಿಯಲ್ಲಿ ಮಾಡಲು ನಾನು ಹೊರಡುವುದಿಲ್ಲ.

ಎಲ್ಲ ಸೇರಿ ಹತ್ತು ಹದಿನೈದು ನಿಮಿಷ. ಉಪವಾಸವಿಲ್ಲ, ಮನೆಯಲ್ಲಿ ಎರಡು ತೆಳ್ಳೇವು ತಿಂದೇ ಬನ್ನಿ, ಖಾಲಿ ಹೊಟ್ಟೆಯಲ್ಲಿ ಬಂದವರಿಗೇ ತಲೆ ಸುತ್ತುವುದು ಹೆಚ್ಚು. ಒಂದು ಗಂಟೆ ಮೊದಲು ಐಬುಪ್ರೊಫೆನ್ 400 ಮಿಲಿಗ್ರಾಂ ಒಂದು ಮಾತ್ರೆ. ಅಲ್ಸರ್, ಮೂತ್ರಪಿಂಡದ ತೊಂದರೆ ಅಥವಾ ನೋವಿನ ಮಾತ್ರೆಗೆ ಉಬ್ಬಸ ಬರುವ ಅಭ್ಯಾಸ ಇದ್ದವರಿಗೆ ಅದರ ಬದಲು ಪ್ಯಾರಾಸಿಟಮಾಲ್. ನಿಮಗೆ ಇವು ಯಾವುವೂ ಇಲ್ಲ. ಮುಗಿದ ಮೇಲೆ ಅರ್ಧ ಗಂಟೆ ಮಲಗಿದ್ದು ಮನೆಗೆ ಹೋಗಬಹುದು.

ಇನ್ನು ನಿಮ್ಮ ಪ್ರಶ್ನೆ: ತಡೆದುಕೊಳ್ಳಲು ಆಗುತ್ತದೆಯೇ? ಹೆಚ್ಚಿನವರಿಗೆ ಆಗುತ್ತದೆ. ಕೆಲವರಿಗೆ ಇದು ಸಹಿಸಲಾಗದಷ್ಟು ನೋವು ಕೊಡುತ್ತದೆ, ಅದನ್ನು ನಾನು ಮುಚ್ಚಿಡುವುದಿಲ್ಲ. ಯಾರಿಗೆ ಹಾಗಾಗಬಹುದು ಎಂಬುದನ್ನು ಸ್ವಲ್ಪ ಮಟ್ಟಿಗೆ ಮೊದಲೇ ಊಹಿಸಬಹುದು. ಮುಟ್ಟಿನ ನೋವಿಗೆ ಹಾಸಿಗೆ ಹಿಡಿಯುತ್ತಿದ್ದವರು, ಒಳಪರೀಕ್ಷೆಯಲ್ಲಿ ಅಥವಾ ಕಾಪರ್-ಟಿ ಹಾಕಿಸುವಾಗ ಬವಳಿ ಬಂದು ಬಿದ್ದವರು, ಮುಟ್ಟು ನಿಂತು ವರ್ಷಗಳಾದವರು, ಯೋನಿಯ ಮೂಲಕ ಹೆರಿಗೆಯೇ ಆಗದವರು, ಮೈ ಮುಟ್ಟಿಸಿಕೊಳ್ಳುವುದೇ ಕಷ್ಟವಾಗುವಂಥ ಅನುಭವ ಹಿಂದೆ ಆದವರು. ಕೊನೆಯದನ್ನು ವೈದ್ಯರಿಗೆ ವಿವರಿಸಿ ಹೇಳಬೇಕಾಗಿಲ್ಲ; ‘ನನಗೆ ಅರಿವಳಿಕೆಯೇ ಬೇಕು’ ಎಂದರೆ ಸಾಕು, ಒಳ್ಳೆಯ ವೈದ್ಯರು ಕಾರಣ ಕೇಳುವುದಿಲ್ಲ.

ನಿಮ್ಮಲ್ಲಿ ಇದರಲ್ಲಿ ಒಂದು ಅಂಶ ಇದೆ. ಎರಡೂ ಸಿಸೇರಿಯನ್ ಆದ್ದರಿಂದ ಗರ್ಭಕೋಶದ ಬಾಯಿ ಬಿಗಿಯಾಗಿರಬಹುದು, ಹಳೆಯ ಗಾಯದ ಜಾಗದಲ್ಲಿ ಸಣ್ಣ ತಗ್ಗು ಇದ್ದರೆ ಸ್ಕೋಪ್ ದಾರಿ ತಪ್ಪುವ ಸಾಧ್ಯತೆಯೂ ಇದೆ. ಆದರೆ ಕಳೆದ ತಿಂಗಳು ಪ್ಯಾಪ್ ಪರೀಕ್ಷೆ ಮಾಡಿದಾಗಲೂ ಒಳಗಿನ ಸ್ಕ್ಯಾನಿಂಗ್ ಮಾಡಿದಾಗಲೂ ನೀವು ಮಾತನಾಡುತ್ತಲೇ ಇದ್ದಿರಿ. ಅದು ಒಳ್ಳೆಯ ಸೂಚನೆ.

‘ನಿಲ್ಲಿಸಿ’ ಎಂದು ನೀವು ಹೇಳಿದ ಕೂಡಲೇ ಸ್ಕೋಪ್ ಹೊರಗೆ ಬರುತ್ತದೆ. ‘ಇನ್ನೊಂದೇ ನಿಮಿಷ’ ಎನ್ನುವ ಪ್ರಶ್ನೆಯಿಲ್ಲ. ಹಾಗೆ ನಿಲ್ಲಿಸಿದರೆ ಇನ್ನೊಂದು ದಿನ ಅರಿವಳಿಕೆಯಲ್ಲಿ ಮಾಡಬೇಕಾಗುತ್ತದೆ, ಮತ್ತೊಮ್ಮೆ ಬರಬೇಕಾಗುತ್ತದೆ. ಈ ದಾರಿಯ ನಿಜವಾದ ನಷ್ಟ ಇದು.

ಅರಿವಳಿಕೆಯಲ್ಲಿ ಮಾಡುವುದು

ಬೆಳಿಗ್ಗೆ ಬಂದು ಸಂಜೆಗೆ ಹೋಗುವ ವ್ಯವಸ್ಥೆ ಇದು. ಕೈಗೆ ಸೂಜಿ ಹಾಕಿ ಔಷಧಿ ಕೊಡುತ್ತಾರೆ, ನಿಮಗೆ ಏನೂ ತಿಳಿಯುವುದಿಲ್ಲ. ಬೆನ್ನಿಗೆ ಸೂಜಿ ಕೊಟ್ಟು ಮಾಡುವುದೂ ಉಂಟು, ಆದರೆ ಇಷ್ಟು ಚಿಕ್ಕ ಕೆಲಸಕ್ಕೆ ಕಾಲು ಮರಗಟ್ಟಿ ಗಂಟೆಗಟ್ಟಲೆ ಮಲಗುವುದು, ಮೂತ್ರ ಕಟ್ಟುವುದು ಯಾಕೆ ಎಂದು ನನಗನಿಸುತ್ತದೆ. ಈ ರೀತಿಯಲ್ಲಿ ನನಗೆ ದೊಡ್ಡ ಸ್ಕೋಪ್ ಬಳಸುವ ಅನುಕೂಲ ಸಿಗುತ್ತದೆ. ಗರ್ಭಕೋಶದ ಬಾಯಿಯನ್ನು ಎಂಟೊಂಬತ್ತು ಮಿಲಿಮೀಟರಿನವರೆಗೆ ಹಿಗ್ಗಿಸಿ, ಪಾಲಿಪಿನ ಬುಡವನ್ನು ವಿದ್ಯುತ್ ತಂತಿಯಿಂದ ಚೆನ್ನಾಗಿ ಸವರಿ ತೆಗೆಯಬಹುದು. ಸ್ಕ್ಯಾನಿಂಗ್‌ನಲ್ಲಿ ಕಾಣದ ಇನ್ನೊಂದು ಪಾಲಿಪ್ ಇದ್ದರೆ ಅದನ್ನೂ ಅದೇ ಸಲ ತೆಗೆಯಬಹುದು. ಬಿಗಿ ಬಾಯಿ ಅಡ್ಡಿಯಾಗುವುದಿಲ್ಲ.

ಬದಲಿಗೆ ನೀವು ಕೊಡಬೇಕಾದದ್ದು ಇದೆ. ಅರಿವಳಿಕೆಗೆ ಮೊದಲು ಆರು ಗಂಟೆ ಏನೂ ತಿನ್ನಬಾರದು, ಎರಡು ಗಂಟೆ ಮೊದಲಿನವರೆಗೆ ಬರೀ ನೀರು ಕುಡಿಯಬಹುದು. ನಮ್ಮ ಮನೆಗಳಲ್ಲಿ ಇಲ್ಲೇ ಎಡವಟ್ಟಾಗುವುದು: ‘ಏನೂ ತಿಂದಿಲ್ಲ, ಒಂದು ಲೋಟ ಕಷಾಯ ಕುಡಿದೆ’ ಎನ್ನುತ್ತಾರೆ. ಹಾಲು ಹಾಕಿದ ಕಷಾಯವೂ ಚಹಾವೂ ಊಟಕ್ಕೆ ಸಮ. ಪ್ರಜ್ಞೆ ತಪ್ಪಿದಾಗ ಹೊಟ್ಟೆಯಲ್ಲಿದ್ದದ್ದು ಮೇಲೆ ಬಂದು ಶ್ವಾಸಕೋಶಕ್ಕೆ ಇಳಿದರೆ ಜೀವಕ್ಕೇ ಅಪಾಯ, ಹಾಗಾಗಿ ಅರಿವಳಿಕೆ ವೈದ್ಯರು ಆ ದಿನದ ಕೆಲಸವನ್ನೇ ಮುಂದೂಡುತ್ತಾರೆ. ರಕ್ತದೊತ್ತಡದ ಮಾತ್ರೆಯನ್ನು ಮಾತ್ರ ಎಂದಿನಂತೆ ಬೆಳಿಗ್ಗೆ ಒಂದು ಗುಟುಕು ನೀರಿನಲ್ಲಿ ನುಂಗಿ ಬನ್ನಿ.

ಇನ್ನೊಂದು ತೊಡಕು ನಿಮ್ಮ ಹಿಮೋಗ್ಲೋಬಿನ್. ಎಚ್ಚರದಲ್ಲಿ ಮಾಡಲು 9.2 ಅಡ್ಡಿಯಲ್ಲ. ಅರಿವಳಿಕೆಗೆ ಹತ್ತರ ಮೇಲೆ ಬಂದರೆ ಅರಿವಳಿಕೆ ವೈದ್ಯರಿಗೂ ನನಗೂ ಸಮಾಧಾನ. ಕಬ್ಬಿಣದ ಮಾತ್ರೆಯಿಂದ ಅಷ್ಟು ಏರಲು ಮೂರು ನಾಲ್ಕು ವಾರ ಬೇಕು, ಅಷ್ಟರಲ್ಲಿ ಮುಂದಿನ ಮುಟ್ಟು ಬಂದು ಗಳಿಸಿದ್ದನ್ನು ಕಳೆಯುತ್ತದೆ. ರಕ್ತಸ್ರಾವ ತಗ್ಗಿಸಲು ಟ್ರಾನೆಕ್ಸಾಮಿಕ್ ಆಸಿಡ್ ಮಾತ್ರೆ ಬರೆದಿದ್ದೇನೆ, ಹೆಚ್ಚು ಹೋಗುವ ದಿನಗಳಲ್ಲಿ ಮಾತ್ರ ತೆಗೆದುಕೊಳ್ಳಿ. ಕಬ್ಬಿಣದ ಮಾತ್ರೆಯ ಹಿಂದೆಯೇ ಚಹಾ ಬೇಡ.

ಗರ್ಭಕೋಶದ ಗೋಡೆಗೆ ತೂತಾಗುವ ಅಪಾಯ ಎರಡರಲ್ಲೂ ಕಡಿಮೆ. ಸಣ್ಣ ಸ್ಕೋಪ್‌ನಲ್ಲಿ ಬರೀ ನೋಡುವಾಗ ಸಾವಿರಕ್ಕೆ ಒಂದಕ್ಕಿಂತಲೂ ಕಡಿಮೆ. ಬಾಯಿ ಹಿಗ್ಗಿಸಿ ದೊಡ್ಡ ಸ್ಕೋಪ್ ಹಾಕುವಾಗ ಸ್ವಲ್ಪ ಹೆಚ್ಚುತ್ತದೆ. ಹೆಚ್ಚಿನವು ತಾವಾಗಿ ಮಾಯುತ್ತವೆ, ಆದರೂ ಆ ರಾತ್ರಿ ಆಸ್ಪತ್ರೆಯಲ್ಲಿ ನೋಡಿಕೊಳ್ಳಬೇಕಾಗಬಹುದು.

ದಿನ ಗೊತ್ತು ಮಾಡುವುದು

ಯಾವ ರೀತಿಯಾದರೂ ಮುಟ್ಟು ನಿಂತ ಮೇಲಿನ ಮೊದಲ ದಿನಗಳೇ ಸರಿ. ಆಗ ಒಳಪೊರೆ ತೆಳುವಾಗಿರುತ್ತದೆ, ಪಾಲಿಪ್ ಸ್ಪಷ್ಟವಾಗಿ ಕಾಣುತ್ತದೆ. ಸಾಮಾನ್ಯವಾಗಿ ಮುಟ್ಟಿನ ಆರನೇ ದಿನದಿಂದ ಹನ್ನೆರಡನೇ ದಿನದೊಳಗೆ ಎನ್ನುತ್ತೇವೆ. ನಿಮಗೆ ಒಂಬತ್ತು ದಿನ ಹೋಗುವುದರಿಂದ ಹತ್ತು, ಹನ್ನೊಂದನೇ ದಿನಕ್ಕೆ ಬರುತ್ತದೆ. ದಿನ ಸಿಗದೆ ರಕ್ತ ಹೋಗುತ್ತಲೇ ಇದ್ದರೆ ನಾರ್ಎಥಿಸ್ಟಿರಾನ್ ಮಾತ್ರೆ ಕೊಟ್ಟು ನಿಲ್ಲಿಸಿ ದಿನ ಹೊಂದಿಸಬಹುದು. ಮನೆಯ ಪೂಜೆಗೆಂದೋ ಮಾರಿಕಾಂಬಾ ಜಾತ್ರೆಗೆಂದೋ ಮುಟ್ಟು ಮುಂದೂಡುವ ಮಾತ್ರೆಯನ್ನು ಅಂಗಡಿಯಿಂದ ತಂದು ನುಂಗಿದ್ದರೆ ದಯವಿಟ್ಟು ಹೇಳಿ, ನಮ್ಮ ಲೆಕ್ಕವೆಲ್ಲ ಅದರಿಂದ ಏರುಪೇರಾಗುತ್ತದೆ. ಆ ದಿನ ಮೂತ್ರದಲ್ಲಿ ಗರ್ಭಪರೀಕ್ಷೆ ಮಾಡುತ್ತೇವೆ. ಮಕ್ಕಳಾಗದ ಆಪರೇಷನ್ ಆಗಿದೆ ಎಂದವರಿಗೂ ಮಾಡುತ್ತೇವೆ, ಬೇಸರಿಸಬೇಡಿ. ಕೆಟ್ಟ ವಾಸನೆಯ ಬಿಳಿಸೆರಗು ಅಥವಾ ಜ್ವರ ಇದ್ದರೆ ಮೊದಲು ಅದು ವಾಸಿಯಾಗಬೇಕು.

ಊರಿನ ವಿಷಯ. ಹುಬ್ಬಳ್ಳಿ ಇಲ್ಲಿಂದ ಸುಮಾರು ನೂರು ಕಿಲೋಮೀಟರ್, ಮಣಿಪಾಲ ಇನ್ನೂ ದೂರ. ದೊಡ್ಡ ಫೈಬ್ರಾಯ್ಡ್ ಇದ್ದರೆ, ಹೃದಯದ ಕಾಯಿಲೆ ಇದ್ದರೆ, ಮುಟ್ಟು ನಿಂತ ಮೇಲೆ ರಕ್ತ ಕಂಡು ಕ್ಯಾನ್ಸರಿನ ಅನುಮಾನ ಬಲವಾಗಿದ್ದರೆ ನಾನೇ ಅಲ್ಲಿಗೆ ಕಳಿಸುತ್ತೇನೆ. 14 ಮಿಲಿಮೀಟರ್ ಪಾಲಿಪಿಗೆ ದೇವಿಮನೆ ಘಟ್ಟ ಇಳಿಯುವ ಅಗತ್ಯವಿಲ್ಲ. ಕರಾವಳಿಯ ತಾಲ್ಲೂಕುಗಳವರಿಗೆ ಕಾರವಾರದ ಸರ್ಕಾರಿ ವೈದ್ಯಕೀಯ ವಿಜ್ಞಾನಗಳ ಸಂಸ್ಥೆಯಲ್ಲಿ ಮೊದಲು ವಿಚಾರಿಸಿ ನೋಡಿ ಎನ್ನುತ್ತೇನೆ. ಮಳೆಗಾಲವಾದರೆ ದಾರಿಯನ್ನೂ ಲೆಕ್ಕಕ್ಕೆ ಹಿಡಿಯಬೇಕು. 2024ರ ಜುಲೈನಲ್ಲಿ ಶಿರೂರಿನ ಗುಡ್ಡ ಕುಸಿದು ಹೆದ್ದಾರಿ ಬಂದಾದದ್ದು ನಮಗೆಲ್ಲ ನೆನಪಿದೆ. ರಕ್ತಸ್ರಾವ ಹೆಚ್ಚಾದರೆ ಒಂದು ಗಂಟೆಯೊಳಗೆ ತಲುಪಬಹುದಾದ ಆಸ್ಪತ್ರೆ ಇರುವ ಕಡೆ ಮೊದಲ ರಾತ್ರಿ ಕಳೆಯಿರಿ.

ಎಲ್ಲಿಗೆ ಹೋದರೂ ಮೂರು ಪ್ರಶ್ನೆ ಕೇಳಿ. ನಿಮ್ಮಲ್ಲಿರುವ ಅತಿ ಸಣ್ಣ ಸ್ಕೋಪ್ ಎಷ್ಟು ದಪ್ಪ? ನೋಡಿದ ಸಲವೇ ಪಾಲಿಪ್ ತೆಗೆಯುತ್ತೀರೋ, ಇನ್ನೊಮ್ಮೆ ಬರಬೇಕೋ? ನಾನು ನಿಲ್ಲಿಸಿ ಎಂದರೆ ಮುಂದೇನು? ಮೂರನೆಯದಕ್ಕೆ ‘ಏನೂ ಆಗುವುದಿಲ್ಲ, ಹೆದರಬೇಡಿ’ ಎಂಬ ಉತ್ತರವಷ್ಟೇ ಬಂದರೆ ಅಲ್ಲಿ ಎಚ್ಚರದಲ್ಲಿ ಮಾಡಿಸಿಕೊಳ್ಳಬೇಡಿ.

ಖರ್ಚಿನಲ್ಲಿ ಎಚ್ಚರದಲ್ಲಿ ಮಾಡುವುದು ಬಹಳ ಕಡಿಮೆ: ಅರಿವಳಿಕೆ ವೈದ್ಯರ ಶುಲ್ಕ, ಆಪರೇಷನ್ ಕೊಠಡಿ, ಹಾಸಿಗೆ ಯಾವುದೂ ಬೀಳುವುದಿಲ್ಲ. ಬಯಾಪ್ಸಿಯ ಖರ್ಚು ಎರಡಕ್ಕೂ ಒಂದೇ. ಆಯುಷ್ಮಾನ್ ಕಾರ್ಡ್ ಇದ್ದರೆ ದಿನ ಗೊತ್ತು ಮಾಡುವ ಮೊದಲೇ ಸರ್ಕಾರಿ ಆಸ್ಪತ್ರೆಯ ಆರೋಗ್ಯ ಮಿತ್ರರನ್ನು ಕಂಡು ಕೇಳಿ. ಮಾಡಿಸಿಕೊಂಡ ಮೇಲೆ ಕಾರ್ಡ್ ತೋರಿಸಿದರೆ ಪ್ರಯೋಜನವಿಲ್ಲ.

ಮನೆಗೆ ಹೋದ ಮೇಲೆ

ಎಚ್ಚರದಲ್ಲಿ ಮಾಡಿಸಿಕೊಂಡರೆ ಮರುದಿನ ಮನೆಗೆಲಸಕ್ಕೆ ಅಡ್ಡಿಯಿಲ್ಲ. ಅರಿವಳಿಕೆ ಪಡೆದರೆ ಒಂದೆರಡು ದಿನ ವಿಶ್ರಾಂತಿ ಬೇಕು, ಮೊದಲ 24 ಗಂಟೆ ಸ್ಕೂಟಿ ಓಡಿಸುವುದು, ಒಬ್ಬರೇ ಇರುವುದು, ಕಾಗದಪತ್ರಕ್ಕೆ ಸಹಿ ಹಾಕುವುದು ಬೇಡ. ಕಿಬ್ಬೊಟ್ಟೆಯ ಹಿಡಿತ ಎರಡು ದಿನದಲ್ಲಿ ಇಳಿಯಬೇಕು. ಕಲೆ ಕಲೆಯಾಗಿ ರಕ್ತ ಒಂದು ವಾರ, ಕೆಲವರಿಗೆ ಹತ್ತು ದಿನ ಕಾಣಬಹುದು. ಅಲ್ಲಿಯವರೆಗೆ ಪ್ಯಾಡ್ ಮಾತ್ರ ಬಳಸಿ, ದಾಂಪತ್ಯ ಬೇಡ. ಬಚ್ಚಲಲ್ಲಿ ಸ್ನಾನ ಮಾಡಬಹುದು, ಕೆರೆ ಹೊಳೆಗಳಲ್ಲಿ ಇಳಿಯಬಾರದು. ಅಡಿಕೆ ಸುಲಿಯಲು ಕೂರಬಹುದು. ಹೊರೆ ಹೊರುವುದನ್ನು ಒಂದು ವಾರ ಬೇರೆಯವರಿಗೆ ಬಿಡಿ.

ತಡ ಮಾಡಬಾರದ ಸೂಚನೆಗಳು ಇವು. ಗಂಟೆಗೊಂದು ಪ್ಯಾಡ್ ಪೂರ್ತಿ ತೊಯ್ದು ಎರಡು ಗಂಟೆ ಹಾಗೇ ಮುಂದುವರಿದರೆ, ಜ್ವರ ಬಂದರೆ, ಸ್ರಾವಕ್ಕೆ ಕೆಟ್ಟ ವಾಸನೆ ಬಂದರೆ, ಮತ್ತು ಎಲ್ಲಕ್ಕಿಂತ ಮುಖ್ಯವಾಗಿ, ನೋವು ದಿನದಿಂದ ದಿನಕ್ಕೆ ಇಳಿಯುವ ಬದಲು ಏರುತ್ತಿದ್ದು ಹೊಟ್ಟೆ ಉಬ್ಬಿ ವಾಂತಿಯಾದರೆ. ನೋವಿನ ಮಾತ್ರೆ ನುಂಗಿ ಬೆಳಗಾಗಲಿ ಎಂದು ಕಾಯಬೇಡಿ, ರಾತ್ರಿಯಾದರೂ ಬನ್ನಿ.

ತೆಗೆದ ಪಾಲಿಪನ್ನು ಫಾರ್ಮಲಿನ್ ಬಾಟಲಿಯಲ್ಲಿ ಹಾಕಿ, ನಿಮ್ಮ ಹೆಸರು ಬರೆದು ನಿಮಗೆ ತೋರಿಸಿಯೇ ಪ್ರಯೋಗಾಲಯಕ್ಕೆ ಕಳಿಸುತ್ತೇವೆ. ವರದಿ ಬರಲು ವಾರ ಹತ್ತು ದಿನ. ರಕ್ತಸ್ರಾವ ಸರಿಯಾಯಿತು ಎಂದು ವರದಿ ತೆಗೆದುಕೊಳ್ಳಲು ಬಾರದೆ ಇರಬೇಡಿ.

ನನ್ನ ಅಭಿಪ್ರಾಯ ಕೇಳಿದರೆ, ನಿಮಗೆ ಮೊದಲು ಎಚ್ಚರದಲ್ಲೇ ಪ್ರಯತ್ನಿಸಬಹುದು. ಪಾಲಿಪ್ ಸಣ್ಣದು, ಪರೀಕ್ಷೆಗಳನ್ನು ನೀವು ಸಲೀಸಾಗಿ ತಡೆದುಕೊಂಡಿದ್ದೀರಿ, ಹಿಮೋಗ್ಲೋಬಿನ್ ಏರಲೆಂದು ಇನ್ನೊಂದು ಮುಟ್ಟು ಕಾಯುವುದು ತಪ್ಪುತ್ತದೆ. ಆದರೆ ಇದನ್ನು ಓದುವಾಗಲೇ ಎದೆ ಹೊಡೆದುಕೊಂಡಿದ್ದರೆ, ಅಥವಾ ನಿಲ್ಲಿಸಿ ಮತ್ತೊಮ್ಮೆ ಬರುವುದಕ್ಕಿಂತ ಒಂದೇ ಸಲಕ್ಕೆ ಮುಗಿಯಲಿ ಎನಿಸಿದರೆ, ಅರಿವಳಿಕೆಯೇ ನಿಮಗೆ ಸರಿ. ಮನೆಯವರ ಒತ್ತಾಯಕ್ಕೆ ಎರಡರಲ್ಲಿ ಯಾವುದನ್ನೂ ಒಪ್ಪಬೇಡಿ.

ಮುಂದಿನ ಮುಟ್ಟಿನ ಮೊದಲ ದಿನ ಆಸ್ಪತ್ರೆಗೆ ಫೋನ್ ಮಾಡಿ ದಿನಾಂಕ ಮತ್ತು ನಿಮ್ಮ ಆಯ್ಕೆ ತಿಳಿಸಿ. ಎಚ್ಚರದಲ್ಲಾದರೆ ವಾರದ ಯಾವ ದಿನವೂ ಆಗುತ್ತದೆ. ಅರಿವಳಿಕೆ ವೈದ್ಯರು ನಮ್ಮಲ್ಲಿಗೆ ಬರುವುದು ಮಂಗಳವಾರ ಮತ್ತು ಶುಕ್ರವಾರ ಮಾತ್ರ, ಅದಕ್ಕೆ ತಕ್ಕಂತೆ ದಿನ ಹೊಂದಿಸುತ್ತೇನೆ.

ನಿಮ್ಮ ಡಾಕ್ಟರ್